ಉಚಿತ ಸೀಟು ಯಾರದು, ಲೆಕ್ಕ ಯಾರದು?

ಹೈದರಾಬಾದಿನಲ್ಲಿ ಬೇಸಿಗೆ ರಜೆ ಬಂತೆಂದರೆ ಕಾರ್ಯಾಗಾರಗಳ ಪ್ರಕಟಣೆಗಳು ಒಂದರ ಹಿಂದೊಂದು ಬರುತ್ತವೆ. ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಿಂದ ಹಿಡಿದು ಸಮಾಜದ ಟ್ರಸ್ಟುಗಳವರೆಗೆ ಎಲ್ಲರ ಪ್ರಕಟಣೆಯ ಕೆಳಭಾಗದಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯ ಸಾಲು ಕಾಣುತ್ತದೆ: ಇಷ್ಟು ಸೀಟುಗಳು ಆರ್ಥಿಕವಾಗಿ ಹಿಂದುಳಿದವರಿಗೆ ಮೀಸಲು, ದಾನಿಗಳ ನೆರವಿನಿಂದ ಶುಲ್ಕ ಉಚಿತ. ಓದುವವರಿಗೆ ಇದು ಒಂದೇ ಮಾತೆಂದು ತೋರುತ್ತದೆ. ವಾಸ್ತವದಲ್ಲಿ ಅದರೊಳಗೆ ಮೂರು ಬೇರೆ ಬೇರೆ ನಿರ್ಣಯಗಳಿವೆ. ಒಳಗೆ ಬರುವವರು ಯಾರು ಎಂಬುದು ಒಂದು. ಅವರಲ್ಲಿ ಶುಲ್ಕ ಕೊಡಬೇಕಾದವರು ಯಾರು ಎಂಬುದು ಇನ್ನೊಂದು. ಇವೆರಡನ್ನೂ ತೀರ್ಮಾನಿಸುವವರು ಯಾರು ಎಂಬುದು ಮೂರನೆಯದು. ಈ ಮೂರನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕಿದಾಗ ನಷ್ಟವಾಗುವುದು ಯಾರಿಗಾಗಿ ಆ ಸಾಲನ್ನು ಬರೆಯಲಾಯಿತೋ ಅವರಿಗೇ.

ಸೀಟನ್ನೂ ಶುಲ್ಕವನ್ನೂ ಬೇರ್ಪಡಿಸುವ ಮಾದರಿ ಅದೇ ನಗರದಲ್ಲಿದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 2008-09ರ ಸುಮಾರಿಗೆ ವ್ಯಾಪಕವಾಗಿ ಜಾರಿಗೆ ಬಂದು, ರಾಜ್ಯ ವಿಭಜನೆಯ ಬಳಿಕ ತೆಲಂಗಾಣದಲ್ಲಿಯೂ ಮುಂದುವರಿದ ಶುಲ್ಕ ಮರುಪಾವತಿ ಯೋಜನೆಯಲ್ಲಿ ವೃತ್ತಿಶಿಕ್ಷಣ ಕಾಲೇಜಿನ ಕನ್ವೀನರ್ ಕೋಟಾದ ಸೀಟು ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮತ್ತು ಮೀಸಲು ನಿಯಮದಂತೆ ನಿರ್ಧಾರವಾಗುತ್ತದೆ. ಶುಲ್ಕವನ್ನು ಸರ್ಕಾರ ಭರಿಸಬೇಕೇ ಎಂಬುದು ಕುಟುಂಬದ ಆದಾಯ ಪ್ರಮಾಣಪತ್ರ ಮುಂತಾದ ದಾಖಲೆಗಳ ಮೇಲೆ ಪ್ರತ್ಯೇಕವಾಗಿ ತೀರ್ಮಾನವಾಗುತ್ತದೆ. ಉತ್ತಮ ರ‍್ಯಾಂಕ್ ಪಡೆದು ಸಾಮಾನ್ಯ ಸೀಟು ಗಿಟ್ಟಿಸಿದ ಬಡ ವಿದ್ಯಾರ್ಥಿ ಮರುಪಾವತಿ ಕೇಳಿದ್ದಕ್ಕಾಗಿ ಅವನ ಸೀಟು ಮೀಸಲು ಪಟ್ಟಿಗೆ ಜಾರುವುದಿಲ್ಲ. ಖಾಸಗಿ ಕಾರ್ಯಾಗಾರಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ನೆನಪಿಡಬೇಕಾದದ್ದು. ಉತ್ತರಪ್ರದೇಶದ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೇಮಕಾತಿಯಿಂದ ಹುಟ್ಟಿದ ಜಿತೇಂದ್ರ ಕುಮಾರ್ ಸಿಂಗ್ ಪ್ರಕರಣದಲ್ಲಿ, ವಯೋಮಿತಿಯ ಸಡಿಲಿಕೆಯನ್ನೂ ಅರ್ಜಿ ಶುಲ್ಕದ ರಿಯಾಯಿತಿಯನ್ನೂ ಪಡೆದ ಅಭ್ಯರ್ಥಿಗಳು ಹೆಚ್ಚು ಅಂಕ ಗಳಿಸಿದರೆ ಅವರನ್ನು ಸಾಮಾನ್ಯ ಸ್ಥಾನದಲ್ಲಿ ಎಣಿಸಬೇಕೋ ಮೀಸಲು ಸ್ಥಾನದಲ್ಲಿಯೋ ಎಂಬ ಪ್ರಶ್ನೆ ಎದ್ದಿತು. ಇಂಥ ರಿಯಾಯಿತಿ ಸ್ಪರ್ಧೆಯ ಬಾಗಿಲವರೆಗೆ ಬರಲು ಮಾತ್ರ ನೆರವಾಗುತ್ತದೆ, ಅರ್ಹತೆಯ ಅಳತೆಯನ್ನು ತಗ್ಗಿಸುವುದಿಲ್ಲ. ಆದ್ದರಿಂದ ಅವರು ಸಾಮಾನ್ಯ ಸ್ಥಾನಕ್ಕೇ ಅರ್ಹರು ಎಂದು 2010ರ ಜನವರಿಯಲ್ಲಿ ನ್ಯಾಯಾಲಯ ಹೇಳಿತು. ಆದರೆ ರಿಯಾಯಿತಿ ಪಡೆದವರು ಸಾಮಾನ್ಯ ಸ್ಥಾನಕ್ಕೆ ಬರಕೂಡದೆಂದು ನಿಯಮದಲ್ಲಿಯೇ ಬರೆದಿದ್ದರೆ ಆ ನಿಯಮವೇ ನಡೆಯುತ್ತದೆ ಎಂದು 2017ರ ದೀಪಾ ಇ.ವಿ. ಪ್ರಕರಣದಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಖಾಸಗಿ ಟ್ರಸ್ಟಿನ ಕಾರ್ಯಾಗಾರವನ್ನು ಈ ತೀರ್ಪುಗಳು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಅವುಗಳ ಹಿಂದಿನ ತರ್ಕ ಎಲ್ಲೆಡೆ ಸಲ್ಲುತ್ತದೆ, ಮತ್ತು ನಿಯಮವನ್ನು ಮೊದಲೇ ಬರೆದಿಡಬೇಕೆಂಬ ಎಚ್ಚರವೂ ಅಲ್ಲಿಯೇ ಇದೆ.

ಒಂದು ಉದಾಹರಣೆಯ ಲೆಕ್ಕವನ್ನು ಮುಂದಿಟ್ಟುಕೊಳ್ಳೋಣ. ಹತ್ತು ದಿನಗಳ ಕಾರ್ಯಾಗಾರ, 40 ಸೀಟುಗಳು, ಅವುಗಳಲ್ಲಿ 30 ಸಾಮಾನ್ಯ, 10 ಮೀಸಲು. ಸಭಾಂಗಣದ ಬಾಡಿಗೆ, ಬೋಧಕರ ಸಂಭಾವನೆ ಸೇರಿ 2,40,000 ರೂಪಾಯಿ. ಇದು ಎಷ್ಟು ಜನ ಬಂದರೂ ಬದಲಾಗದ ಖರ್ಚು. ಊಟ ಮತ್ತು ಅಭ್ಯಾಸ ಸಾಮಗ್ರಿಗೆ ತಲಾ 1,500ರಂತೆ 60,000. ಒಟ್ಟು 3,00,000, ತಲಾ ಶುಲ್ಕ 7,500. ಹತ್ತು ಸೀಟುಗಳ ಹಣ 75,000 ರೂಪಾಯಿಯನ್ನು ಒಬ್ಬ ದಾನಿ ಕೊಡುತ್ತಾರೆ, ಉಳಿದ 30 ಮಂದಿ ತಮ್ಮ ಶುಲ್ಕ ತಾವೇ ಕೊಡುತ್ತಾರೆ. ಲೆಕ್ಕ ಸರಿಹೋಯಿತು.

ಈಗ ಅರ್ಹತಾ ಪರೀಕ್ಷೆ ನಡೆಯಿತೆನ್ನೋಣ. ಮೊದಲ 30 ಸ್ಥಾನಗಳಲ್ಲಿ ಆರು ಮಂದಿ ಬಡ ಕುಟುಂಬದವರು. ವ್ಯವಸ್ಥಾಪಕರು ಸಾಮಾನ್ಯವಾಗಿ ಮಾಡುವುದೇನೆಂದರೆ, ಈ ಆರು ಮಂದಿಯೂ ವಿನಾಯಿತಿ ಕೇಳಿದ್ದಾರೆಂದು ಅವರನ್ನು ಮೀಸಲಿನ ಹತ್ತರಲ್ಲಿ ಸೇರಿಸುವುದು. ತೆರವಾದ ಆರು ಸಾಮಾನ್ಯ ಸೀಟುಗಳಿಗೆ ಅವರಿಗಿಂತ ಕೆಳಗಿನ ಸ್ಥಾನದ, ಆದರೆ ಶುಲ್ಕ ಕೊಡಬಲ್ಲ ಆರು ಮಂದಿಯನ್ನು ತೆಗೆದುಕೊಳ್ಳುವುದು. ಆಗ ಮೀಸಲಿನಲ್ಲಿ ಉಳಿಯುವುದು ನಾಲ್ಕೇ ಸೀಟು. ಒಟ್ಟು ಬಡ ವಿದ್ಯಾರ್ಥಿಗಳು ಹತ್ತು ಮಂದಿ. ಸರಿಯಾದ ಕ್ರಮದಲ್ಲಿ ಆ ಆರು ಮಂದಿ ತಮ್ಮ ಅಂಕದ ಬಲದ ಮೇಲೆ ಸಾಮಾನ್ಯ ಸೀಟಿನಲ್ಲಿಯೇ ಉಳಿಯುತ್ತಾರೆ, ಮೀಸಲಿನ ಹತ್ತು ಸೀಟುಗಳು ಇನ್ನೂ ಹತ್ತು ಬಡವರಿಗೆ ದೊರೆಯುತ್ತವೆ, ಒಟ್ಟು ಹದಿನಾರು. ಮೀಸಲೆಂಬುದು ಕನಿಷ್ಠ ಇಷ್ಟಾದರೂ ಇರಲಿ ಎಂಬ ಭರವಸೆ. ಮೊದಲ ಕ್ರಮ ಅದನ್ನು ಇದಕ್ಕಿಂತ ಹೆಚ್ಚು ಬೇಡ ಎಂಬ ಬೇಲಿಯಾಗಿ ಮಾರ್ಪಡಿಸುತ್ತದೆ. ಹೀಗಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಶುಲ್ಕ ವಿನಾಯಿತಿ ಪಡೆದವರ ಸಂಖ್ಯೆ ಪ್ರತಿವರ್ಷವೂ ಮೀಸಲು ಸೀಟುಗಳ ಸಂಖ್ಯೆಗೆ ಕರಾರುವಾಕ್ಕಾಗಿ ಸಮನಾಗಿದ್ದರೆ, ಹಂಚಿಕೆಯ ಪಟ್ಟಿಯನ್ನೊಮ್ಮೆ ತೆಗೆಸಿ ನೋಡಬೇಕು.

ವ್ಯವಸ್ಥಾಪಕರು ಕೆಟ್ಟವರೆಂದು ಹೀಗೆ ಮಾಡುವುದಿಲ್ಲ, ಹಣವಿಲ್ಲವೆಂದು ಮಾಡುತ್ತಾರೆ. ಹದಿನಾರು ಮಂದಿಗೆ ವಿನಾಯಿತಿ ಕೊಟ್ಟರೆ ಶುಲ್ಕ ಕೊಡುವವರು 24 ಮಂದಿ ಮಾತ್ರ. ಅವರಿಂದ 1,80,000, ದಾನಿಯಿಂದ 75,000, ಕೊರತೆ 45,000. ಇದನ್ನು ತುಂಬಲು ಕೈಗೆ ಮೊದಲು ಸಿಗುವ ಉಪಾಯ 24 ಮಂದಿಯ ಶುಲ್ಕವನ್ನು 9,375ಕ್ಕೆ ಏರಿಸುವುದು. ಕನ್ನಡ ನಾಡಿನ ಪೋಷಕರಿಗೆ ಈ ದಾರಿಯ ಪರಿಚಯವಿದೆ. ಉನ್ನಿಕೃಷ್ಣನ್ ಪ್ರಕರಣದ 1993ರ ತೀರ್ಪು ವೃತ್ತಿಶಿಕ್ಷಣದಲ್ಲಿ ಉಚಿತ ಸೀಟು, ಪಾವತಿ ಸೀಟು ಎಂಬ ವಿಭಾಗ ಮಾಡಿ, ಒಬ್ಬರ ಹಣದಿಂದ ಇನ್ನೊಬ್ಬರು ಓದುವ ವ್ಯವಸ್ಥೆ ತಂದಿತು. ನಗರದ ಒಳ್ಳೆಯ ಶಾಲೆಗಳಲ್ಲಿ ಓದಿದ ಉಳ್ಳವರ ಮಕ್ಕಳೇ ಹೆಚ್ಚು ಅಂಕ ಗಳಿಸಿ ಉಚಿತ ಸೀಟು ಪಡೆದರು, ಹಳ್ಳಿಯ ಮಕ್ಕಳ ಪಾಲಿಗೆ ಪಾವತಿ ಸೀಟು ಉಳಿಯಿತು ಎಂಬ ಟೀಕೆ ಬಂತು. ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ನಿನ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ಪಕ್ಕದಲ್ಲಿ ಕುಳಿತವರ ಶುಲ್ಕವನ್ನು ಹೊರುವ ಭಾರ, ವಿನಾಯಿತಿಯ ಮಿತಿಗಿಂತ ಸ್ವಲ್ಪವೇ ಮೇಲಿರುವ ಮಧ್ಯಮ ಕುಟುಂಬದ ಮೇಲೆ ಬೀಳುತ್ತದೆ ಎಂಬುದೇ ಅದರ ಪಾಠ.

ಇನ್ನೊಂದು ದಾರಿಯಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಬೋಧನಾ ಶುಲ್ಕ ವಿನಾಯಿತಿ ಯೋಜನೆಯಲ್ಲಿ, ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇಕಡ 5ರಷ್ಟು ಸೀಟುಗಳು ಸೇರುತ್ತವೆ. ಇದ್ದ ಸೀಟುಗಳಿಂದ ಯಾರದನ್ನೂ ಕಿತ್ತುಕೊಳ್ಳುವುದಿಲ್ಲ. ನಮ್ಮ ಉದಾಹರಣೆಗೆ ಅದನ್ನು ಅನ್ವಯಿಸಿದರೆ, ಸಭಾಂಗಣದಲ್ಲಿ ಸ್ಥಳವಿದ್ದಾಗ ಸೀಟುಗಳನ್ನು 46ಕ್ಕೆ ಏರಿಸಬಹುದು. ಶುಲ್ಕ ಕೊಡುವವರು ಮತ್ತೆ 30 ಮಂದಿ, ವಿನಾಯಿತಿ ಪಡೆದವರು 16. ಖರ್ಚು 3,09,000, ಬಂದದ್ದು 3,00,000. ಕೊರತೆ 9,000 ಮಾತ್ರ, ಅಂದರೆ ಹೆಚ್ಚುವರಿ ಆರು ಮಂದಿಯ ಊಟ ಮತ್ತು ಸಾಮಗ್ರಿಯ ಬೆಲೆ. ಬಾಡಿಗೆಯೂ ಸಂಭಾವನೆಯೂ ಆಗಲೇ ಸಂದಾಯವಾಗಿರುವುದರಿಂದ ಒಂದು ಹೆಚ್ಚುವರಿ ಸೀಟಿನ ನಿಜವಾದ ಖರ್ಚು 7,500 ಅಲ್ಲ, 1,500. ದಾನಿಯ ಮುಂದೆ 45,000ದ ಕೊರತೆ ಇಡುವುದಕ್ಕೂ 9,000ದ ಕೊರತೆ ಇಡುವುದಕ್ಕೂ ಬಹಳ ಅಂತರವಿದೆ. ಆದರೆ ಇದಕ್ಕೊಂದು ಮಿತಿಯುಂಟು. ತಲೆಗೊಂದು ಕಂಪ್ಯೂಟರ್ ಬೇಕಾದ ತರಬೇತಿಯಲ್ಲಿ 40 ಯಂತ್ರಗಳಷ್ಟೇ ಇದ್ದರೆ ಈ ಉಪಾಯ ನಡೆಯದು. ಅಂಥಲ್ಲಿ ಆದಾಯಕ್ಕೆ ತಕ್ಕಂತೆ ಪೂರ್ಣ, ಅರ್ಧ ಎಂದು ವಿನಾಯಿತಿಯನ್ನು ಹಂತಹಂತವಾಗಿ ಕೊಡುವುದೇ ಲೇಸು. ಕಡಿತವಾಗಬೇಕಾದದ್ದು ವಿನಾಯಿತಿಯ ಪ್ರಮಾಣ, ಗಳಿಸಿದ ಸೀಟಲ್ಲ.

ಮೂರನೆಯ ನಿರ್ಣಯ ದಾನಿಗೆ ಸಂಬಂಧಿಸಿದ್ದು. ಪ್ರಾಯೋಜಿತ ವಿದ್ಯಾರ್ಥಿ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಸಂಸ್ಥೆ ತನ್ನ ನೌಕರನನ್ನು ಪೂರ್ಣ ಶುಲ್ಕ ಕೊಟ್ಟು ಕಳುಹಿಸಿದರೆ ಅದು ಖರೀದಿ; ಆ ಸೀಟು ನೆರವಿನ ಲೆಕ್ಕಕ್ಕೆ ಸೇರಬಾರದು. ದಾನಿ ಬಡ ವಿದ್ಯಾರ್ಥಿಯ ಶುಲ್ಕ ಕೊಟ್ಟರೆ ಅದು ದಾನ. ದಾನಿ ಇಂಥ ಜಿಲ್ಲೆಯವರಿಗೆ, ಹೆಣ್ಣುಮಕ್ಕಳಿಗೆ ಎಂದು ವರ್ಗವನ್ನು ಸೂಚಿಸಬಹುದು. ಇಂಥವನಿಗೇ ಎಂದು ಹೆಸರು ಹಿಡಿದು ಹೇಳಿದರೆ ದಾನವೂ ಖರೀದಿಯಾಗುತ್ತದೆ. ಇದು ಕೇವಲ ಔಚಿತ್ಯದ ಮಾತಲ್ಲ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ದೊಡ್ಡ ಮೊತ್ತದ ದಾನಿಗಳಿಗೆ, ಟ್ರಸ್ಟಿನ ಸ್ಥಾಪಕರು, ಟ್ರಸ್ಟಿಗಳು ಹಾಗೂ ಈ ಸ್ಥಾಪಕರ, ಟ್ರಸ್ಟಿಗಳ ಸಂಬಂಧಿಕರಿಗೆ ಟ್ರಸ್ಟಿನ ಆದಾಯ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಲಾಭವಾಗಿ ಹರಿದರೆ ತೆರಿಗೆ ವಿನಾಯಿತಿಗೆ ಧಕ್ಕೆ ಬರುತ್ತದೆ, ದಂಡಕ್ಕೂ ಅವಕಾಶವಿದೆ. ಟ್ರಸ್ಟಿಯ ತಂಗಿಯ ಮಗನಿಗೆ ಕೊಟ್ಟ ಉಚಿತ ಸೀಟು ಸಮಾರಂಭದ ಚಿತ್ರದಲ್ಲಿ ಗೋಚರಿಸದಿದ್ದರೂ ಲೆಕ್ಕಪರಿಶೋಧನೆಯಲ್ಲಿ ಗೋಚರಿಸುತ್ತದೆ.

ಕೊನೆಯದಾಗಿ, ಹೈದರಾಬಾದು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತದೆ. ಹಂಚಿಕೆಯಲ್ಲಿ ಸರಿಯಾಗಿದ್ದ ಶುಲ್ಕ ಮರುಪಾವತಿ ಯೋಜನೆ ಎಡವಿದ್ದು ಪಾವತಿಯಲ್ಲಿ. ವರ್ಷಗಳ ಬಾಕಿ ಬೆಳೆದು, 2025ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಮುಷ್ಕರ ಘೋಷಿಸುವವರೆಗೆ ವಿಷಯ ಮುಟ್ಟಿತು. ಅಷ್ಟರಲ್ಲಿ ಓದು ಮುಗಿಸಿದ ಎಷ್ಟೋ ಮಕ್ಕಳು, ಸರ್ಕಾರದ ಬಾಕಿಗಾಗಿ ತಮ್ಮ ಪ್ರಮಾಣಪತ್ರ ಕಾಲೇಜಿನಲ್ಲಿ ಸಿಕ್ಕಿಕೊಂಡದ್ದನ್ನು ಕಂಡಿದ್ದರು. ಸೀಟು ಕೊಟ್ಟವರು ಒಬ್ಬರು, ಹಣದ ಮಾತು ಕೊಟ್ಟವರು ಇನ್ನೊಬ್ಬರು, ಒತ್ತೆಯಾದವನು ವಿದ್ಯಾರ್ಥಿ. ಸಮಾಜದ ಕಾರ್ಯಾಗಾರದಲ್ಲಿಯೂ ವೇದಿಕೆಯ ಮೇಲೆ ಘೋಷಣೆಯಾದ ದಾನ ಬ್ಯಾಂಕಿಗೆ ತಲುಪದೆ ಉಳಿದಾಗ ಇದೇ ಸಂಭವಿಸುತ್ತದೆ.

ಆದ್ದರಿಂದ ಮುಂದಿನ ಬೇಸಿಗೆಯ ಪ್ರಕಟಣೆಯಲ್ಲಿ ನಾಲ್ಕು ಮಾತುಗಳಿರಲಿ. ಸಾಮಾನ್ಯ ಸೀಟುಗಳು ಮೊದಲು ಅಂಕದ ಕ್ರಮದಲ್ಲಿಯೇ ತುಂಬುತ್ತವೆ, ಮೀಸಲು ಸೀಟುಗಳು ಆ ಬಳಿಕ. ವಿನಾಯಿತಿ ಕೇಳಿದವರ ಅರ್ಜಿಯನ್ನು ಆಯ್ಕೆಪಟ್ಟಿ ಸಿದ್ಧವಾದ ಮೇಲೆಯೇ ತೆರೆಯಲಾಗುತ್ತದೆ. ದಾನಿಗೆ ಫಲಾನುಭವಿಯ ಆಯ್ಕೆಯಲ್ಲಿ ಪಾತ್ರವಿಲ್ಲ. ದಾನದ ಹಣ ಖಾತೆಗೆ ಜಮೆಯಾದಷ್ಟಕ್ಕೇ ವಿನಾಯಿತಿ ಘೋಷಣೆಯಾಗುತ್ತದೆ, ಯಾವ ಕಾರಣಕ್ಕೂ ಪ್ರಮಾಣಪತ್ರ ತಡೆಹಿಡಿಯಲಾಗುವುದಿಲ್ಲ. ಹೊರನಾಡಿನಲ್ಲಿದ್ದು ಇಂಥ ಕಾರ್ಯಗಳಿಗೆ ಹಣ ಕಳುಹಿಸುವ ಕುಟುಂಬಗಳು ಚೆಕ್ ಬರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿದರೂ ಸಾಕು: ಕಳೆದ ವರ್ಷ ಸಾಮಾನ್ಯ ಸೀಟಿನಲ್ಲಿ ಕುಳಿತು ವಿನಾಯಿತಿಯನ್ನೂ ಪಡೆದ ವಿದ್ಯಾರ್ಥಿಗಳು ಎಷ್ಟು ಮಂದಿ? ಉತ್ತರ ಸೊನ್ನೆಯಾಗಿದ್ದರೆ, ಎರಡನೆಯ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.