ಯಾರು ಓದಬೇಕು ಅಂತ ಬರೀತೀವಿ?

ಆಲಿಕಲ್ಲಿಗೆ ಬೇಸಿಗೆ ಭತ್ತ ಉದುರಿದ ದಿನ ನಾವು ಫೇಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದೆವು. ಬೆಂಗಳೂರಿನ ಪತ್ರಕರ್ತ ಗೆಳೆಯರು ಲೈಕ್ ಒತ್ತಿದರು, ನಮಗೂ ಖುಷಿಯಾಯಿತು. ಫಸಲ್ ಬಿಮಾ ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ಮಾತು ಅದರ ಕೊನೆಯಲ್ಲಿತ್ತು. ನಾಲ್ಕನೇ ದಿನ ರೈತರೊಬ್ಬರು ಕೇಳಿದರು: "ಸರ್, ಇದನ್ನ ಕನ್ನಡದಾಗ ಹಾಕಬಾರದಿತ್ತೇನ್ರಿ?" ಉತ್ತರವಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆದರೇ ವೃತ್ತಿಪರ ಅನ್ನುವುದನ್ನು ನಾವು ಅಂದೇ ಬಿಟ್ಟೆವು. ಈಗ ಮೊದಲು ಕನ್ನಡ, ಅದೂ ಅದೇ ದಿನ. ಮೊದಲ ಸಾಲಿನಲ್ಲೇ 72 ಗಂಟೆ, ಸಹಾಯವಾಣಿ 14447. ಆಮೇಲೆ ಸರ್ವೆ ನಂಬರ್, ಬೆಳೆ, ಹಾನಿಯಾದ ದಿನ ಹೇಳಿ ಅಂತ ಎರಡೇ ಸಾಲು.

ಇಂಗ್ಲಿಷ್ ಮರುದಿನ. ಅದು ವಿಮಾ ಕಂಪನಿಯ ಮುಖ್ಯ ಕಚೇರಿಗೆ, ಹೊರರಾಜ್ಯದ ಸಂಪಾದಕರಿಗೆ. ಅವರಿಗೆ ಸಹಾಯವಾಣಿ ಬೇಡ. ಹೋಬಳಿ ಅಂದರೇನು, ಎಷ್ಟು ಎಕರೆ ಹೋಯಿತು, ಸರ್ವೆಗೆ ಯಾರಾದರೂ ಬಂದರಾ ಅನ್ನುವುದು ಬೇಕು. ಹಾಗಾಗಿ ಕನ್ನಡದ್ದನ್ನೇ ಅನುವಾದಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಎರಡನ್ನೂ ಒಂದೇ ಪೋಸ್ಟಿನಲ್ಲಿ ತುರುಕಿಯೂ ನೋಡಿದೆವು. ಫೋನಿನಲ್ಲಿ ಮೊದಲ ನಾಲ್ಕಾರು ಸಾಲು ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಇಂಗ್ಲಿಷ್ ಮೇಲಿದ್ದರೆ ನಮ್ಮೂರಿನವರು ಅಲ್ಲಿಗೇ ಬೆರಳು ಸರಿಸಿ ಮುಂದೆ ಹೋಗುತ್ತಾರೆ.