ಉತ್ತರ ಕೊಡಿ, ಆದರೆ ಉತ್ತರಿಸಬೇಡಿ!

ಕಳೆದ ತಿಂಗಳು ನನ್ನ ತಂಗಿಯ ಮಗಳಿಗಾಗಿ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೆ. ಒಂದು ವಾರಕ್ಕೆ ಇಮೇಲ್ ಬಂತು. ‘ಅಭ್ಯರ್ಥಿಯ ಭಾವಚಿತ್ರ ಸ್ಪಷ್ಟವಾಗಿಲ್ಲ. 5 ದಿನಗಳೊಳಗೆ ಸರಿಪಡಿಸದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ’ ಎಂದಿತ್ತು. ನಾನು ತಡಮಾಡದೆ ಹೊಸ ಫೋಟೊ ಲಗತ್ತಿಸಿ, ‘ರಿಪ್ಲೈ’ ಒತ್ತಿ ಕಳಿಸಿದೆ. ಮೇಲ್ ಹೋಯಿತು, ಕೆಲಸ ಮುಗಿಯಿತು ಅಂದುಕೊಂಡೆ.

ಮೂರನೆಯ ದಿನ ಹುಡುಗಿ ಕೇಳಿದಳು: “ದೊಡ್ಡಮ್ಮ, ನನ್ನ ಫೋಟೊ ಸರಿಯಿದೆ ಅಂದ್ರಾ?”

ಮೇಲ್ ಮತ್ತೆ ತೆರೆದಾಗ ಎದೆ ಧಸಕ್ಕೆಂದಿತು. ಕಳಿಸಿದವರ ವಿಳಾಸ noreply ಎಂದು ಶುರುವಾಗುತ್ತಿತ್ತು. ಅಂದರೆ, ‘ಇಲ್ಲಿಗೆ ಉತ್ತರ ಬರೆಯಬೇಡಿ’ ಎಂದರ್ಥ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

“ಹಾಗಾದ್ರೆ ನೀವು ಕಳಿಸಿದ್ದು ಎಲ್ಲಿಗೆ ಹೋಯ್ತು?” ಅಂದಳು. ಒಳ್ಳೆಯ ಪ್ರಶ್ನೆ. ಇಂಥ ವಿಳಾಸಗಳಲ್ಲಿ ಎರಡು ಬಗೆ. ಒಂದು, ಹೆಸರಿಗೆ ಮಾತ್ರ ಇರುವುದು. ಅದಕ್ಕೆ ಅಂಚೆಪೆಟ್ಟಿಗೆಯೇ ಇಲ್ಲ. ಅಲ್ಲಿಗೆ ಬರೆದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ‘ವಿಳಾಸ ಸಿಗಲಿಲ್ಲ’ ಎಂಬ ಮೇಲ್ ವಾಪಸ್ ಬರುತ್ತದೆ. ಇನ್ನೊಂದು, ಪೆಟ್ಟಿಗೆ ಇದ್ದರೂ ಯಾರೂ ತೆರೆದು ನೋಡದಿರುವುದು. ಅಲ್ಲಿಗೆ ಕಳಿಸಿದ್ದು ಸದ್ದಿಲ್ಲದೆ ಬಿದ್ದಿರುತ್ತದೆ. ಈ ಎರಡನೆಯದೇ ಅಪಾಯ. ಏನೂ ವಾಪಸ್ ಬರಲಿಲ್ಲವೆಂದರೆ ಅವರು ಓದಿದರು ಎಂದಲ್ಲ. ನನಗಾಗಿದ್ದೂ ಅದೇ.

ಉಳಿದದ್ದು 2 ದಿನ. ಇಬ್ಬರೂ ಕೂತು ಆ ಮೇಲನ್ನು ಕೊನೆಯ ಸಾಲಿನವರೆಗೆ ಓದಿದೆವು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಅರ್ಜಿ ಸಂಖ್ಯೆ ಇತ್ತು. ಅದನ್ನು ಕಾಗದದಲ್ಲಿ ಬರೆದುಕೊಂಡೆವು. ಜೀಮೇಲ್‌ನಲ್ಲಿ ಕಳಿಸಿದವರ ಹೆಸರಿನ ಕೆಳಗಿರುವ ಪುಟ್ಟ ಬಾಣದ ಗುರುತು ಒತ್ತಿದರೆ ವಿವರ ತೆರೆಯುತ್ತದೆ. ಅಲ್ಲಿ reply-to ಎಂದು ಬೇರೆ ವಿಳಾಸ ಕೊಟ್ಟಿದ್ದರೆ ನಾವು ಬರೆಯುವ ಉತ್ತರ ತಾನಾಗಿ ಅಲ್ಲಿಗೇ ಹೋಗುತ್ತದೆ. ನಮ್ಮದರಲ್ಲಿ ಅದಿರಲಿಲ್ಲ.

ಮೇಲ್‌ನಲ್ಲಿ ‘ಇಲ್ಲಿ ಒತ್ತಿ’ ಎಂಬ ನೀಲಿ ಸಾಲೂ ಇತ್ತು. ಹುಡುಗಿ ಒತ್ತಲು ಹೋದಳು; ನಾನು ತಡೆದೆ. ಕಳಿಸಿದವರ ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕಿಕೊಳ್ಳಬಹುದು. ‘ಕೂಡಲೇ ಒತ್ತಿ’ ಎಂದು ಹೆದರಿಸುವುದು ಮೋಸಗಾರರ ಹಳೆಯ ಉಪಾಯ. ಅದಕ್ಕೇ ಅರ್ಜಿ ಹಾಕುವಾಗ ಬಳಸಿದ್ದ ವೆಬ್‌ಸೈಟಿನ ವಿಳಾಸವನ್ನು ನಾವೇ ಟೈಪ್ ಮಾಡಿ ಲಾಗಿನ್ ಆದೆವು. ಅಲ್ಲಿಯೂ ‘ಭಾವಚಿತ್ರ ಸರಿಪಡಿಸಿ’ ಎಂದೇ ಇತ್ತು. ಮೇಲ್ ನಿಜ ಎಂಬುದೂ ಖಚಿತವಾಯಿತು, ಉತ್ತರ ಕೊಡುವ ಜಾಗವೂ ಸಿಕ್ಕಿತು.

ಆದರೆ ಫೋಟೊ ಹಾಕಿದರೆ ಹೋಗಲೊಲ್ಲದು! ಅವರು ಕೇಳಿದ್ದು 50 ಕೆಬಿ ಒಳಗಿನ ಫೋಟೊ. ಮೊಬೈಲಿನಲ್ಲಿ ತೆಗೆದದ್ದು 2 ಎಂಬಿಗೂ ಹೆಚ್ಚು. ಮುಖ ಮತ್ತು ಭುಜ ಮಾತ್ರ ಉಳಿಯುವಂತೆ ಕತ್ತರಿಸಿ, ಗಾತ್ರ ಇಳಿಸಿದ ಮೇಲೆ ಹೋಯಿತು. ‘ಪರಿಶೀಲನೆಯಲ್ಲಿದೆ’ ಎಂದು ಬದಲಾದ ಪುಟದ ಚಿತ್ರವನ್ನು ದಿನಾಂಕ, ಸಮಯ ಕಾಣುವಂತೆ ತೆಗೆದಿಟ್ಟುಕೊಂಡೆವು.

ಲಾಗಿನ್ ಆಗದಿದ್ದರೆ? ಅದೇ ವೆಬ್‌ಸೈಟಿನ ‘ಸಂಪರ್ಕಿಸಿ’ ಅಥವಾ ‘ಸಹಾಯ’ ಪುಟದಲ್ಲಿರುವ ಇಮೇಲ್ ವಿಳಾಸಕ್ಕೆ ಅವರ ಮೇಲನ್ನೇ ಫಾರ್ವರ್ಡ್ ಮಾಡಬೇಕು. ಆಗ ಅವರು ಏನು ಕೇಳಿದ್ದರು, ಎಂದು ಕೇಳಿದ್ದರು ಎಂಬುದು ಓದುವವರಿಗೆ ಅಲ್ಲೇ ಕಾಣುತ್ತದೆ. ವಿಷಯದ ಸಾಲಿನಲ್ಲೇ ಅರ್ಜಿ ಸಂಖ್ಯೆ ಬರೆದು, ಹೀಗೆ ಎರಡೇ ಸಾಲು ಸಾಕು:

‘ನೀವು ಕೇಳಿದ ಭಾವಚಿತ್ರವನ್ನು ಲಗತ್ತಿಸಿದ್ದೇನೆ. ವೆಬ್‌ಸೈಟಿನಲ್ಲಿ ಲಾಗಿನ್ ಆಗುತ್ತಿಲ್ಲ. ದಯವಿಟ್ಟು ಇದನ್ನು ಸ್ವೀಕರಿಸಿ, ತಲುಪಿದ್ದನ್ನು ತಿಳಿಸಿ.’

ಪಾಸ್‌ವರ್ಡ್, ಒಟಿಪಿ ಮಾತ್ರ ಎಂದೂ ಬರೆಯಬಾರದು. ಗಡುವು ಹತ್ತಿರವಿದ್ದರೆ ಮೇಲ್ ಕಳಿಸಿ ಕಾಯುತ್ತ ಕೂರದೆ ಫೋನ್ ಮಾಡಿ, ದೂರು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಮರುದಿನ ಸಂಜೆ ‘ಅರ್ಜಿ ಸ್ವೀಕೃತವಾಗಿದೆ’ ಎಂದು ಮೇಲ್ ಬಂತು, ಮತ್ತದೇ noreply ವಿಳಾಸದಿಂದ. ಹುಡುಗಿ ಖುಷಿಯಿಂದ, “ಥ್ಯಾಂಕ್ಸ್ ಅಂತ ಬರೀಲಾ, ದೊಡ್ಡಮ್ಮ?” ಅಂದಳು. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.