ತುಟಿ ಕೂಡದ ಮಾತು

ಕಳೆದ ತಿಂಗಳ ಒಂದು ಸಂಜೆ ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರು ಮೊಬೈಲು ಹಿಡಿದುಕೊಂಡು ಮನೆಗೆ ಬಂದರು. "ಇದನ್ನ ಸ್ವಲ್ಪ ನೋಡ್ರಿ. 21,000 ರೂಪಾಯಿ ಹಾಕಿದ್ರ ತಿಂಗಳಿಗೆ ಲಕ್ಷಗಟ್ಟಲೆ ಬರತೈತಂತ. ಸುಧಾ ಮೂರ್ತಿಯವರ ಹೇಳಾಕತ್ತಾರ. ನಮ್ಮ ಹುಬ್ಬಳ್ಳಿ ಬಿ.ವಿ.ಬಿ. ಕಾಲೇಜಿನ್ಯಾಗ ಓದಿದವ್ರು, ಅವರು ಸುಳ್ಳು ಹೇಳ್ತಾರೇನ್ರಿ?" ಎಂದರು. ಮಗಳ ಮದುವೆಗೆಂದು ತೆಗೆದಿರಿಸಿದ ಗ್ರ್ಯಾಚುಟಿ ಹಣದಲ್ಲಿ ಮರುದಿನವೇ ಮೊದಲ ಕಂತು ಕಟ್ಟುವ ನಿರ್ಧಾರ ಅವರದಾಗಿತ್ತು.

ಆ ಮಾತು ಸುಧಾ ಮೂರ್ತಿಯವರದಲ್ಲ. ತಮ್ಮ ಮುಖ ಹಾಗೂ ಧ್ವನಿಯನ್ನು ಕದ್ದು ಇಂಥ ದೃಶ್ಯಗಳನ್ನು ಹರಡುತ್ತಿದ್ದಾರೆ, ನಂಬಬೇಡಿ ಎಂದು ಅವರೇ 2025ರ ಕೊನೆಯಲ್ಲಿ ಎಚ್ಚರಿಸಿದ್ದಾರೆ. ಅವರ ಪತಿ ನಾರಾಯಣ ಮೂರ್ತಿಯವರು 2023ರ ಡಿಸೆಂಬರಿನಲ್ಲಿಯೇ ಇದೇ ಎಚ್ಚರಿಕೆ ಕೊಟ್ಟಿದ್ದರು. ಆದರೂ ಅವರ ಹೆಸರಿನ ನಕಲಿ ದೃಶ್ಯಗಳನ್ನು ನಂಬಿ ಬೆಂಗಳೂರಿನ ಇಬ್ಬರು 80 ಲಕ್ಷ ರೂಪಾಯಿಗೂ ಮೇಲ್ಪಟ್ಟು ಕಳೆದುಕೊಂಡ ಸುದ್ದಿ 2024ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಿತು.

ಡೀಪ್‌ಫೇಕ್ ಎಂದು ಕರೆಯಲಾಗುವ ಈ ನಕಲಿಯನ್ನು ಮಾಡುವ ಬಗೆಯನ್ನು ಅರಿತರೆ ಅದರ ದೋಷವೂ ತಿಳಿಯುತ್ತದೆ. ಸಾಮಾನ್ಯವಾಗಿ ವಂಚಕರು ಇಡೀ ದೃಶ್ಯವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಎಲ್ಲಿಯೋ ನಡೆದ ನಿಜವಾದ ಸಂದರ್ಶನವನ್ನು ತೆಗೆದುಕೊಳ್ಳುತ್ತಾರೆ. ಆ ವ್ಯಕ್ತಿಯ ಧ್ವನಿಯ ಮಾದರಿಯಿಂದ ಗಣಕಯಂತ್ರದ ಮೂಲಕ ಹೊಸ ಮಾತನ್ನು ಆಡಿಸುತ್ತಾರೆ. ಬಳಿಕ ಆ ಮಾತಿಗೆ ಹೊಂದುವಂತೆ ಬಾಯಿಯ ಸುತ್ತಲಿನ ಭಾಗವನ್ನಷ್ಟೇ ಬದಲಿಸುತ್ತಾರೆ. ಆದುದರಿಂದ ಸೀರೆ, ಕುರ್ಚಿ, ಕಣ್ಣು, ಕೈ ಎಲ್ಲವೂ ನಿಜ. ಬಾಯಿ ಮಾತ್ರ ಸುಳ್ಳು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಗಳು ವರ್ಣಗಳ ಸ್ಥಾನವನ್ನು ಕಲಿಸುವಾಗ ಪ, ಫ, ಬ, ಭ, ಮ ಇವು ಓಷ್ಠ್ಯಗಳು, ಎರಡು ತುಟಿ ಕೂಡದೆ ಹುಟ್ಟಲಾರವು ಎಂದು ನಮ್ಮ ಬಾಯಿಯ ಮುಂದೆ ಬೆರಳಿಟ್ಟು ತೋರಿಸುತ್ತಿದ್ದರು. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಹಾಗೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ವಿದ್ವಾಂಸರು ನಕಲಿ ದೃಶ್ಯಗಳನ್ನು ಹಿಡಿಯಲು ಆರಿಸಿಕೊಂಡ ಸೂತ್ರವೂ ಇದೇ: ಪ, ಬ, ಮ ಧ್ವನಿ ಕೇಳುವಾಗ ತುಟಿ ಮುಚ್ಚಿದೆಯೇ ಎಂಬುದು.

ನಾವಿಬ್ಬರೂ ಹಾಗೆಯೇ ನೋಡಿದೆವು. ಮಾತು ಹಿಂದಿಯಲ್ಲಿತ್ತು. 'ಪೈಸಾ', 'ಭರೋಸಾ', 'ಮಹೀನಾ' ಎಂಬ ಪದಗಳು ಬಂದಾಗಲೆಲ್ಲ ದೃಶ್ಯವನ್ನು ನಿಲ್ಲಿಸಿ, ತುಸು ಹಿಂದಕ್ಕೆ ಸರಿಸಿ ಮತ್ತೆ ನೋಡಿದೆವು. ಮೂರರಲ್ಲಿ ಎರಡು ಕಡೆ ತುಟಿಗಳ ನಡುವೆ ಹಲ್ಲು ಕಾಣುತ್ತಲೇ ಇತ್ತು. ಆ ಹಲ್ಲುಗಳೂ ಒಂದಕ್ಕೊಂದು ಅಂಟಿದ ಬಿಳಿಯ ಪಟ್ಟಿಯಂತಿದ್ದವು. ಮಾತು ನಿಂತ ಮೇಲೂ ಕೈ ಒಂದು ವಾಕ್ಯವನ್ನು ಒತ್ತಿ ಹೇಳುವಂತೆ ಚಲಿಸುತ್ತಿತ್ತು. ಅದು ಮೂಲ ಸಂದರ್ಶನದ ಮಾತಿಗೆ ಸೇರಿದ ಕೈಸನ್ನೆ.

ಆದರೆ ಈ ಪರೀಕ್ಷೆಗೂ ಮಿತಿಯುಂಟು. ಮೊಬೈಲಿನ ಚಿಕ್ಕ ಪರದೆಯಲ್ಲಿ, ಮಸುಕು ದೃಶ್ಯದಲ್ಲಿ ದೋಷ ಅಡಗುತ್ತದೆ. ನುರಿತ ನಕಲಿಗಳು ತುಟಿಯನ್ನೂ ಸರಿಯಾಗಿ ಮುಚ್ಚುತ್ತವೆ. ಬೇರೆ ಭಾಷೆಗೆ ಪರಿವರ್ತಿಸಿದ ಪ್ರಾಮಾಣಿಕ ದೃಶ್ಯದಲ್ಲಿಯೂ ತುಟಿ ತಪ್ಪಬಹುದು. ಆದ್ದರಿಂದ ತುಟಿಯ ದೋಷ ಕಂಡರೆ ಸಂದೇಹಪಡಬೇಕು. ಕಾಣದಿದ್ದರೆ ನಿಜವೆಂದು ತಿಳಿಯಬಾರದು.

ಎಂದೂ ತಪ್ಪದ ಗುರುತು ಮುಖದಲ್ಲಿಲ್ಲ, ಮಾತಿನ ಅರ್ಥದಲ್ಲಿದೆ. ನೂರಕ್ಕೆ 7ರ ಬಡ್ಡಿಯಂತೆ 21,000 ರೂಪಾಯಿಗೆ ಬ್ಯಾಂಕು ಒಂದು ವರ್ಷಕ್ಕೆ ಕೊಡುವುದು 1,470 ರೂಪಾಯಿ. ತಿಂಗಳಿಗೆ ಲಕ್ಷ ಕೊಡುತ್ತೇವೆ ಎಂಬವನ ಲೆಕ್ಕ ಯಾವ ವ್ಯಾಪಾರದಲ್ಲಿಯೂ ಕೂಡುವುದಿಲ್ಲ. ಮುಂದಿನ ಹಾದಿಯೂ ಬಹುತೇಕ ಒಂದೇ. ಕೊಂಡಿಯನ್ನು ಒತ್ತಿ ಹೆಸರು, ಫೋನ್ ಸಂಖ್ಯೆ ಬರೆದೊಡನೆ ಸವಿಮಾತಿನ ಕರೆ ಬರುತ್ತದೆ. ಪರದೆಯ ಮೇಲೆ ಹಣ ದಿನೇ ದಿನೇ ಬೆಳೆದಂತೆ ತೋರಿಸುತ್ತಾರೆ. ನಂಬಿಕೆ ಬಲಿಯಲೆಂದು ಸ್ವಲ್ಪ ಹಣ ಹಿಂದಿರುಗಿಸುವುದೂ ಉಂಟು. ದೊಡ್ಡ ಮೊತ್ತ ಕಟ್ಟಿದ ಬಳಿಕ ಅದನ್ನು ಬಿಡಿಸಿಕೊಳ್ಳಲು 'ತೆರಿಗೆ', 'ಶುಲ್ಕ' ಎಂದು ಮತ್ತೆ ಕೇಳುತ್ತಾರೆ. ತನ್ನ ಹಣ ಪಡೆಯಲು ಹಣ ಕಟ್ಟಬೇಕಾದಲ್ಲಿ ಆ ಹಣ ಆಗಲೇ ಹೋಗಿದೆ ಎಂದೇ ತಿಳಿಯಬೇಕು.

ಹಣ ಕಳಿಸಿಬಿಟ್ಟವರು ನಾಚಿಕೆಯಿಂದ ಮುಚ್ಚಿಡಬಾರದು. ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ಹಣ ಇನ್ನೂ ವಂಚಕರ ಖಾತೆಯಲ್ಲಿ ಇದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯಲು ಸಾಧ್ಯ. ಗಂಟೆಗಳು ಕಳೆದಂತೆ ಅದು ಹತ್ತಾರು ಖಾತೆಗಳಿಗೆ ಹರಿದುಹೋಗುತ್ತದೆ.

ಶಿಕ್ಷಕರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. "ನಲವತ್ತು ವರ್ಷ ಮಕ್ಕಳಿಗೆ ಪ ಫ ಬ ಭ ಮ ಕಲಿಸೇನ್ರಿ," ಎಂದರು ಕೊನೆಗೆ, "ನಾನ ಅದನ್ನ ನೋಡಲಿಲ್ಲ ನೋಡ್ರಿ." ಮರುದಿನ ಅವರು ಬ್ಯಾಂಕಿಗೆ ಹೋಗಲಿಲ್ಲ.